ಬೆನ್ನಿಗೆ ಬೆಳ್ಳಿ ಹಚ್ಚಿದ ಲೆನ್ಸ್: ಕಳೆದುಹೋದ ಎರಡು ಮಿಲಿಮೀಟರ್

ಅಕ್ಕನ ಮಗಳು ಭೌತಶಾಸ್ತ್ರದ ಪುಸ್ತಕ ಹಿಡಿದು ಬಂದು ಒಂದು ಲೆಕ್ಕ ತೋರಿಸಿದಳು. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು ಇರುವ ಲೆನ್ಸ್. ಚಪ್ಪಟೆ ಮುಖಕ್ಕೆ ಬೆಳ್ಳಿ ಲೇಪ ಹಾಕಿದೆ. ಈಗ ಅದು ಕನ್ನಡಿಯಂತೆ ವರ್ತಿಸುತ್ತದೆ, ಅದರ ಸಂಗಮ ದೂರ ಎಷ್ಟು? ಉತ್ತರ ಅವಳಿಗೆ ಗೊತ್ತಿತ್ತು. ಲೆನ್ಸಿನ ಸಂಗಮ ದೂರದ ಅರ್ಧ. ಅವಳ ಪ್ರಶ್ನೆ ಬೇರೆಯೇ ಆಗಿತ್ತು: "ಮಾಮ, ಇದನ್ನ ಯಾರಾದ್ರೂ ನಿಜವಾಗಿ ಮಾಡಿ ನೋಡಿದ್ದಾರಾ?"

ನನ್ನ ಡಬ್ಬಿಯಲ್ಲಿ ಅಂಥದ್ದೇ ಒಂದು ಲೆನ್ಸ್ ಸುಮ್ನೆ ಬಿದ್ದಿತ್ತು. ಅಗಲ 50 ಮಿಮೀ. ಪೊಟ್ಟಣದ ಮೇಲೆ ಸಂಗಮ ದೂರ 200 ಮಿಮೀ ಅಂತ ಬರೆದಿತ್ತು. ಹಾಗಾದರೆ ಮಾಡಿಯೇ ನೋಡೋಣ ಅಂತ ಹೊರಟೆವು. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ, ನಾಲ್ಕು ದಿನ ಹಿಡಿಯಿತು. ಬೆಳ್ಳಿ ಹಚ್ಚುವುದಕ್ಕೆ ಎರಡು ದಿನ. ಉಳಿದೆರಡು ದಿನ ಹೋಗಿದ್ದು ಎಲ್ಲೋ ಕಳೆದುಹೋದ ಎರಡು ಮಿಲಿಮೀಟರ್ ಹುಡುಕುವುದಕ್ಕೆ.

ಮೊದಲು ಪುಸ್ತಕದ ಉತ್ತರ ಎಲ್ಲಿಂದ ಬರುತ್ತದೆ ಅಂತ ನೋಡೋಣ. ಬೆಳಕು ಉಬ್ಬು ಮುಖದಿಂದ ಒಳಗೆ ಹೋಗುತ್ತದೆ, ಅಲ್ಲಿ ಒಮ್ಮೆ ಬಾಗುತ್ತದೆ. ಹಿಂದಿನ ಬೆಳ್ಳಿಗೆ ಬಡಿದು ವಾಪಸ್ ಬರುತ್ತದೆ. ಹೊರಗೆ ಬರುವಾಗ ಅದೇ ಉಬ್ಬಿನಲ್ಲಿ ಇನ್ನೊಮ್ಮೆ ಬಾಗುತ್ತದೆ. ಅಂದರೆ ಲೆನ್ಸ್ ಎರಡು ಸಲ ಕೆಲಸ ಮಾಡಿತು. ಮಧ್ಯದ ಚಪ್ಪಟೆ ಕನ್ನಡಿ ಬೆಳಕನ್ನು ತಿರುಗಿಸಿತೇ ಹೊರತು ಒಟ್ಟುಗೂಡಿಸಲಿಲ್ಲ. ಉಬ್ಬಿನ ತ್ರಿಜ್ಯ R, ಗಾಜಿನ ವಕ್ರೀಭವನ ಸೂಚ್ಯಂಕ n, ಬರೀ ಲೆನ್ಸಿನ ಸಂಗಮ ದೂರ f, ಬೆಳ್ಳಿ ಹಚ್ಚಿದ ಮೇಲಿನ ಸಂಗಮ ದೂರ F ಅಂತ ಇಟ್ಟುಕೊಂಡರೆ:

```
1/f = (n - 1)/R
1/F = 1/f + 0 + 1/f = 2/f
F   = f/2 = R / (2(n - 1))
```

ನಡುವಿನ ಆ ಸೊನ್ನೆಯೇ ಚಪ್ಪಟೆ ಕನ್ನಡಿಯ ಪಾಲು. ನಮ್ಮ ಲೆನ್ಸಿಗೆ F 100 ಮಿಮೀ ಬರಬೇಕು. ಹೊರಗಿನಿಂದ ನೋಡಿದರೆ ಮುಂದಕ್ಕೆ ಉಬ್ಬಿದ ವಸ್ತು, ಆದರೆ ನಡೆದುಕೊಳ್ಳುವುದು ಒಳಕ್ಕೆ ತಗ್ಗಿದ ನಿಮ್ನ ದರ್ಪಣದ ಹಾಗೆ. ಇದು ನನಗೆ ಈಗಲೂ ಸ್ವಲ್ಪ ತಮಾಷೆಯಾಗಿಯೇ ಕಾಣುತ್ತದೆ.

ಬೆಳ್ಳಿಗೆ ಮುಂಚೆ ಒಂದು ಪರೀಕ್ಷೆ

ಬೆಳ್ಳಿ ಹಚ್ಚುವ ಮೊದಲು ಲೆನ್ಸಿನ 200 ನಿಜವೇ ಅಂತ ತಿಳಿಯಬೇಕಿತ್ತು. ಅದಕ್ಕೆ ಹಳೆಯ, ಸುಲಭದ ಉಪಾಯ ಇದೆ. ಉದ್ದ ಹಲಗೆಯ ಮೇಲೆ ಸ್ಟೀಲ್ ಸ್ಕೇಲ್ ಅಂಟಿಸಿದೆ. ಬಿಳಿ ರಟ್ಟಿನಲ್ಲಿ 3 ಮಿಮೀ ತೂತು ಮಾಡಿ, ತೂತಿಗೆ ಅಡ್ಡ ಒಂದು, ಉದ್ದ ಒಂದು ತೆಳು ತಂತಿ ಅಂಟಿಸಿ, ಹಿಂದೆ ಎಲ್‌ಇಡಿ ಇಟ್ಟೆ. ಈಗ ಬೆಳಗುವ ತೂತಿನ ನಡುವೆ ಕಪ್ಪು ಗೆರೆಗಳ ಕೂಡು ಗುರುತು ಕಾಣುತ್ತದೆ. ಎದುರಿಗೆ ಲೆನ್ಸ್, ಉಬ್ಬು ಮುಖ ರಟ್ಟಿನ ಕಡೆ. ಲೆನ್ಸಿನ ಹಿಂದೆ ಒಂದು ಚಪ್ಪಟೆ ಕನ್ನಡಿ. ಕೋಣೆ ಕತ್ತಲು.

ತೂತು ಲೆನ್ಸಿನ ಸಂಗಮ ಬಿಂದುವಿನಲ್ಲಿದ್ದರೆ ಬೆಳಕು ಲೆನ್ಸ್ ದಾಟಿದ ಮೇಲೆ ಸಮಾನಾಂತರವಾಗಿ ಹೋಗುತ್ತದೆ, ಕನ್ನಡಿಗೆ ನೇರ ಬಡಿಯುತ್ತದೆ, ಬಂದ ದಾರಿಯಲ್ಲೇ ಹಿಂದಿರುಗಿ ತೂತಿನ ಪಕ್ಕದಲ್ಲೇ ಬಿಂಬ ಮೂಡಿಸುತ್ತದೆ. ರಟ್ಟನ್ನು ಹಿಂದೆ ಮುಂದೆ ಸರಿಸುತ್ತ ಹೋಗುವುದು, ಗೆರೆಗಳು ಚೂಪಾಗಿ ಕಂಡಲ್ಲಿ ನಿಲ್ಲಿಸುವುದು, ಅಷ್ಟೇ.

ಮೊದಲ ಓದು 190 ಬಂತು. ಪೊಟ್ಟಣದವರು ಸುಳ್ಳು ಬರೆದಿದ್ದಾರೆ ಅಂತ ನನಗೆ ಆಗಲೇ ಅನುಮಾನ. ಆದರೆ ಬಿಂಬ ಎಲ್ಲೂ ಚೂಪಾಗುತ್ತಿರಲಿಲ್ಲ. 186ರಿಂದ 200ರವರೆಗೆ ಎಲ್ಲ ಕಡೆ ಒಂದೇ ತರಹ ಮಸುಕು. ಇದು ಲೆನ್ಸಿನ ಅಂಚಿನ ಚಾಳಿ. ಅಂಚಿನ ಕಿರಣಗಳು ನಡುವಿನ ಕಿರಣಗಳಿಗಿಂತ ಹತ್ತಿರದಲ್ಲಿ ಕೂಡುತ್ತವೆ. ಅದರಲ್ಲೂ ಹತ್ತಿರದ ದೀಪಕ್ಕೆ ಉಬ್ಬು ಮುಖ ತೋರಿಸಿದರೆ ಈ ದೋಷ ತುಂಬಾ ಜಾಸ್ತಿ. ಚಪ್ಪಟೆ ಮುಖ ತೋರಿಸಿದರೆ ಅದರ ಕಾಲು ಭಾಗದಷ್ಟೇ ಇರುತ್ತದೆ. ನಮ್ಮ ಲೆನ್ಸಿಗೆ ಲೆಕ್ಕ ಹಾಕಿದರೆ, ಅಂಚಿನ ಕಿರಣ ನಡುವಿನದಕ್ಕಿಂತ ಸುಮಾರು 14 ಮಿಮೀ ಮೊದಲೇ ಕೂಡುತ್ತದೆ. ಆದರೆ ನಮಗೆ ಬೇರೆ ದಾರಿ ಇಲ್ಲ. ಚಪ್ಪಟೆ ಮುಖಕ್ಕೆ ಮುಂದೆ ಬೆಳ್ಳಿ ಬರುತ್ತದೆ, ಬೆಳಕು ಉಬ್ಬಿನಿಂದಲೇ ಹೋಗಬೇಕು.

ಪರಿಹಾರ ಸುಲಭ. ಕಪ್ಪು ಕಾಗದದಲ್ಲಿ 12 ಮಿಮೀ ತೂತು ಕತ್ತರಿಸಿ ಲೆನ್ಸಿನ ಮುಂದೆ ಹಾಕಿದೆ. ದೋಷ ತೆರೆದ ಅಗಲದ ವರ್ಗದ ಪ್ರಕಾರ ಇಳಿಯುತ್ತದೆ. ಹಾಗಾಗಿ 14 ಮಿಮೀ ಇದ್ದದ್ದು ಒಂದು ಮಿಮೀಗಿಂತ ಕಡಿಮೆ ಆಯಿತು. ಬಿಂಬ ಮಂಕಾಯಿತು, ಆದರೆ ಚೂಪಾಯಿತು. ಐದು ಸಲ ಓದಿದೆವು, ಎಲ್ಲವೂ 199.5 ಮತ್ತು 200.5ರ ಮಧ್ಯೆ. ಸರಾಸರಿ 200. ಪೊಟ್ಟಣದವರಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಅಳತೆ ಎಲ್ಲಿಂದ ಎಲ್ಲಿಗೆ ಅನ್ನುವುದು ಮುಂದೆ ಮುಖ್ಯವಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಲೆನ್ಸಿನ ಸ್ಟ್ಯಾಂಡಿನ ಗುರುತು ಉಬ್ಬಿನ ತುದಿಗೆ ಸರಿಯಾಗಿ ಇರುವುದಿಲ್ಲ. ಅದಕ್ಕೆ ಸರಿಯಾಗಿ 150 ಮಿಮೀ ಉದ್ದದ ಒಂದು ಕಡ್ಡಿ ಮಾಡಿಕೊಂಡೆ. ಕಡ್ಡಿಯ ಒಂದು ತುದಿ ಉಬ್ಬಿನ ನಡುಬಿಂದುವಿಗೆ, ಇನ್ನೊಂದು ರಟ್ಟಿಗೆ ತಾಗಿಸಿ, ಸ್ಕೇಲ್ ಎಷ್ಟು ತೋರಿಸುತ್ತದೆ ಅಂತ ನೋಡಿದೆ. 153 ತೋರಿಸಿತು. ಅಂದರೆ ಪ್ರತಿ ಓದಿನಲ್ಲೂ 3 ಕಳೆಯಬೇಕು. ಇಲ್ಲಿ ಕೊಟ್ಟಿರುವ ಎಲ್ಲ ಅಂಕಿಗಳೂ ಹಾಗೆ ಕಳೆದ ಮೇಲಿನವು, ಉಬ್ಬಿನ ನಡುಬಿಂದುವಿನಿಂದ ಅಳೆದವು.

ಈ ಹಂತದಲ್ಲಿ ಅವಳು ಒಂದು ಕಿತಾಪತಿ ಮಾಡಿದಳು. ಹಿಂದಿನ ಕನ್ನಡಿಯನ್ನು ಲೆನ್ಸಿನಿಂದ 30 ಮಿಮೀ ದೂರ ಸರಿಸಿಬಿಟ್ಟಳು. ಬಿಂಬ ಅಲುಗಲಿಲ್ಲ. ಹಾಗೇ ಚೂಪಾಗಿ 200ರಲ್ಲೇ ನಿಂತಿತ್ತು. "ಸಮಾನಾಂತರ ಕಿರಣ ಅಲ್ವಾ, ಕನ್ನಡಿ ಎಲ್ಲಿದ್ದರೂ ಒಂದೇ" ಅಂದೆ. ಅವಳು ಹೂಂ ಅಂದಳು. ಆ ಮಾತಿನೊಳಗೆ ನಮ್ಮ ಮುಂದಿನ ಎರಡು ದಿನದ ತಲೆನೋವಿಗೆ ಉತ್ತರ ಇತ್ತು. ಇಬ್ಬರಿಗೂ ಅದು ಹೊಳೆಯಲಿಲ್ಲ.

ಬೆಳ್ಳಿ ಹಚ್ಚಿದ್ದು

ಇದನ್ನು ಮಾಡುವವರು ಕನ್ನಡಕ, ಕೈಗವಸು ಎರಡೂ ಹಾಕಿಕೊಳ್ಳಬೇಕು. ಕಿಟಕಿ ತೆರೆದಿರಬೇಕು. ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿದರೆ ಕಪ್ಪು ಕಲೆ ದಿನಗಟ್ಟಲೆ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಬೆಳ್ಳಿ ಮತ್ತು ಅಮೋನಿಯ ಬೆರೆಸಿದ ದ್ರಾವಣವನ್ನು ಬಾಟಲಿಯಲ್ಲಿ ತುಂಬಿಟ್ಟುಕೊಳ್ಳಲೇಬಾರದು. ಇಟ್ಟರೆ ಅದರಲ್ಲಿ ಸಿಡಿಯುವ ಬೆಳ್ಳಿಯ ಸಂಯುಕ್ತ ಕಟ್ಟಿಕೊಳ್ಳುತ್ತದೆ. ಬೇಕಾದಷ್ಟೇ ಮಾಡಿ, ಆಗಲೇ ಬಳಸಿ, ಆಗಲೇ ಹಾಳುಮಾಡಬೇಕು.

ನಾನು ತೆಗೆದುಕೊಂಡ ಪ್ರಮಾಣ ಇದು. 20 ಮಿಲಿ ಭಟ್ಟಿ ಇಳಿಸಿದ ನೀರಿಗೆ 0.34 ಗ್ರಾಂ ಸಿಲ್ವರ್ ನೈಟ್ರೇಟ್. ಅದಕ್ಕೆ ಅಮೋನಿಯ ಹನಿಹನಿಯಾಗಿ. ಮೊದಲು ಕಂದು ಗಸಿ ಬರುತ್ತದೆ, ಇನ್ನೂ ಹಾಕುತ್ತ ಹೋದರೆ ಅದು ಕರಗುತ್ತದೆ. ಕರಗಿದ ಕೂಡಲೇ ನಿಲ್ಲಿಸಬೇಕು. ಆಮೇಲೆ 10 ಮಿಲಿ ನೀರಿನಲ್ಲಿ 0.45 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕರಗಿಸಿ ಸೇರಿಸಿದೆ. ಮತ್ತೆ ಕಪ್ಪಗಾಯಿತು. ಮತ್ತೆ ಅಮೋನಿಯ ಹನಿಗಳು, ತಿಳಿಯಾಗುವವರೆಗೆ ಮಾತ್ರ. ಪಕ್ಕದಲ್ಲಿ 5 ಮಿಲಿ ನೀರಿಗೆ ಕಾಲು ಗ್ರಾಂ ಗ್ಲೂಕೋಸ್ ತಯಾರಿಟ್ಟಿದ್ದೆ. ಗ್ಲೂಕೋಸ್ ಬಿದ್ದ ಮೇಲೆ ಗಡಿಯಾರ ಓಡಲು ಶುರು, ಹಾಗಾಗಿ ಅದು ಕೊನೆಗೆ.

ಉಬ್ಬು ಮುಖಕ್ಕೆ ಮೊದಲೇ ಟೇಪ್ ಸುತ್ತಿ ಮುಚ್ಚಿದ್ದೆ. ಲೆನ್ಸನ್ನು ಬಟ್ಟಲಿನಲ್ಲಿ ಚಪ್ಪಟೆ ಮುಖ ಕೆಳಗೆ ಮಾಡಿ, ಅಂಚಿನಲ್ಲಿ ಮೂರು ಗಾಜಿನ ಚೂರುಗಳ ಮೇಲೆ ಕೂರಿಸಿದೆ. ಮುಖ ಮೇಲಿದ್ದರೆ ದ್ರಾವಣದಲ್ಲಿ ಹುಟ್ಟುವ ಕಪ್ಪು ಪುಡಿ ಅದರ ಮೇಲೆ ಕೂತು ಲೇಪ ಹಾಳಾಗುತ್ತದೆ. ಕೆಳಗಿದ್ದರೆ ಪುಡಿ ಬಟ್ಟಲಿನ ತಳಕ್ಕೆ ಹೋಗುತ್ತದೆ. ಗಾಳಿಗುಳ್ಳೆ ಸಿಕ್ಕಿಕೊಳ್ಳದ ಹಾಗೆ ಲೆನ್ಸನ್ನು ಓರೆ ಮಾಡಿ ಇಳಿಸಬೇಕು.

ಮೊದಲ ದಿನ ಕೆಟ್ಟಿತು. ಬೆಳ್ಳಿ ಬಂತು, ಆದರೆ ಒಂದು ಅಂಚಿನಲ್ಲಿ ಬೂದು ಮಚ್ಚೆ, ನಡುವೆ ನನ್ನ ಹೆಬ್ಬೆರಳಿನ ಗೆರೆಗಳು ಸ್ಪಷ್ಟವಾಗಿ. ಗಾಜು ತೊಳೆದ ಮೇಲೆ ಎಲ್ಲೋ ಮುಟ್ಟಿದ್ದೆ. ಇಡೀ ಲೇಪವನ್ನು ಹತ್ತಿಯಿಂದ, ತೆಳು ನೈಟ್ರಿಕ್ ಆಮ್ಲದಿಂದ ಒರೆಸಿ ತೆಗೆದೆ. ಎರಡನೇ ದಿನ ಸೋಪಿನಿಂದ ತೊಳೆದು, ಆಮ್ಲದಿಂದ ಒರೆಸಿ, ಭಟ್ಟಿ ನೀರಿನಲ್ಲಿ ಮೂರು ಸಲ ಜಾಲಾಡಿದೆ. ನೀರು ಎಲ್ಲೂ ಹನಿಯಾಗಿ ಒಡೆಯದೆ ತೆಳು ಹಾಳೆಯಂತೆ ಮುಖದ ಮೇಲೆ ನಿಲ್ಲಬೇಕು. ಅದೇ ಶುಚಿಯ ಗುರುತು. ಆಮೇಲೆ ಸ್ಟ್ಯಾನಸ್ ಕ್ಲೋರೈಡಿನ ತುಂಬಾ ತೆಳು ದ್ರಾವಣ ಒಂದು ನಿಮಿಷ, ಮತ್ತೆ ಜಾಲಾಡಿದ್ದು. ಬೆಳ್ಳಿ ಗಾಜಿಗೆ ಸಮನಾಗಿ ಕಚ್ಚಿಕೊಳ್ಳಲು ಇದು ಸಹಾಯ ಮಾಡುತ್ತದೆ. ಗಾಜನ್ನು ಒಣಗಲು ಬಿಡದೆ ಒದ್ದೆಯಾಗಿಯೇ ಬಟ್ಟಲಿಗೆ ಇಳಿಸಿದೆ.

ಗ್ಲೂಕೋಸ್ ಸುರಿದು ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸುತ್ತಿದ್ದೆ. ದ್ರಾವಣ ಮೊದಲು ಚಹಾದ ಬಣ್ಣಕ್ಕೆ, ಆಮೇಲೆ ಕಪ್ಪಿಗೆ ತಿರುಗಿತು. ಇನ್ನು ಸ್ವಲ್ಪ ಹೊತ್ತಿನಲ್ಲಿ ಬಟ್ಟಲಿನ ಗೋಡೆಯೇ ಕನ್ನಡಿಯಾಯಿತು. ಲೆನ್ಸ್ ಎತ್ತಿ ತೊಳೆದರೆ ಹಿಂಬದಿ ಪೂರ್ತಿ ಬೆಳ್ಳಿ. ಉಳಿದ ದ್ರಾವಣಕ್ಕೆ ಆಗಲೇ ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದೆ. ಬೆಳ್ಳಿ ಬಿಳಿ ಗಸಿಯಾಗಿ ಕೂತಿತು.

ಒಂದು ಸಮಾಧಾನದ ವಿಷಯ ಇದೆ. ನಮಗೆ ಬೇಕಾದದ್ದು ಗಾಜಿಗೆ ಅಂಟಿರುವ ಬೆಳ್ಳಿಯ ಮುಖ, ಹೊರಗಿನದ್ದಲ್ಲ. ಹೊರಗೆ ಕಪ್ಪಾದರೂ, ಸ್ವಲ್ಪ ಪುಡಿ ಕೂತರೂ ನಷ್ಟವಿಲ್ಲ. ಒಣಗಿದ ಮೇಲೆ ಹಿಂದೆ ಎರಡು ಪದರ ಎನಾಮೆಲ್ ಬಣ್ಣ ಹೊಡೆದೆ. ಟೇಪಿನ ಸಂದಿಯಿಂದ ಉಬ್ಬು ಮುಖದ ಅಂಚಿಗೆ ಹರಿದ ಬೆಳ್ಳಿಯನ್ನು ಹತ್ತಿಯಿಂದ ಒರೆಸಿದೆ.

ಅಳತೆ

ಲೆನ್ಸನ್ನು ಕೈಯಲ್ಲಿ ಹಿಡಿದು ನೋಡಿದರೆ ಎರಡು ಮುಖ ಕಾಣುತ್ತವೆ. ಒಂದು ದೊಡ್ಡದು, ಹೊಳೆಯುವಂಥದ್ದು, ಬೆಳ್ಳಿಯದು. ಇನ್ನೊಂದು ಚಿಕ್ಕದು, ನೇರವಾಗಿ ನಿಂತದ್ದು, ತುಂಬಾ ಮಂಕು. ಉಬ್ಬು ಮುಖಕ್ಕೆ ಲೇಪವಿಲ್ಲ, ಬರೀ ಗಾಜು. ಅದು ತನ್ನ ಪಾಲಿಗೆ ನೂರಕ್ಕೆ ನಾಲ್ಕರಷ್ಟು ಬೆಳಕನ್ನು ಹೊರಗಿನಿಂದಲೇ ಹಿಂದಕ್ಕೆ ಕಳಿಸುತ್ತದೆ. ಆ ಚಿಕ್ಕ ಮುಖ ಅದರದ್ದು. ರಟ್ಟಿನ ಮೇಲೆ ಅದು ತೊಂದರೆ ಕೊಡುವುದಿಲ್ಲ, ಯಾಕೆಂದರೆ ಉಬ್ಬು ಕನ್ನಡಿ ಬೆಳಕನ್ನು ಚದುರಿಸುತ್ತದೆ, ರಟ್ಟಿನ ಮೇಲೆ ಬಿಂಬ ಮೂಡಿಸಲಾರದು.

ತೂತಿನ ರಟ್ಟಿನಿಂದ ಮತ್ತೆ ಅಳೆದೆವು. ಈಗ ಹಿಂದೆ ಬೇರೆ ಕನ್ನಡಿ ಬೇಡ. 12 ಮಿಮೀ ಕಾಗದದ ತೂತಿನೊಂದಿಗೆ ಬಿಂಬ 200ರಲ್ಲೇ ಕೂತಿತು. ನಿಮ್ನ ದರ್ಪಣದಲ್ಲಿ ವಸ್ತು ಮತ್ತು ಬಿಂಬ ಒಂದೇ ಕಡೆ ಕೂಡುವ ಜಾಗ ವಕ್ರತಾ ಕೇಂದ್ರ. ಅದು ಸಂಗಮ ದೂರದ ಎರಡರಷ್ಟು. ಹಾಗಾದರೆ F 100. ಪುಸ್ತಕದ ಉತ್ತರ ಸರಿ. ಅವಳು ಬರೆದುಕೊಂಡು ಎದ್ದಳು.

ನಾನು ಸುಮ್ಮನಿರಬೇಕಿತ್ತು. ಆದರೆ ನೇರವಾಗಿಯೂ ಒಮ್ಮೆ ನೋಡಿಬಿಡೋಣ ಅನ್ನಿಸಿತು. ದೂರದ ದೀಪದ ಬಿಂಬ ಎಲ್ಲಿ ಬೀಳುತ್ತದೋ ಅದೇ ಸಂಗಮ ಬಿಂದು ಅಲ್ವಾ? ಸುಮಾರು 30 ಮೀಟರ್ ಆಚೆ ಒಂದು ದೀಪ ಇತ್ತು. ರಟ್ಟು ಬೆಳಕಿಗೆ ಅಡ್ಡ ಬರದಂತೆ ಲೆನ್ಸನ್ನು ಚೂರು ಓರೆ ಮಾಡಿ, ತೆಳು ಕಾಗದದ ಪಟ್ಟಿಯ ಮೇಲೆ ಬಿಂಬ ಹಿಡಿದೆ. 98.

ಮತ್ತೆ ನೋಡಿದೆ. 98. ಕಡ್ಡಿಯಿಂದ ತಿದ್ದುಪಡಿ ಮತ್ತೆ ಪರೀಕ್ಷಿಸಿದೆ, ಸರಿಯಾಗಿಯೇ ಇತ್ತು. ದೀಪ ಅನಂತದಲ್ಲಿಲ್ಲ, 30 ಮೀಟರಿನಲ್ಲಿದೆ. ಅದರಿಂದ ಬಿಂಬ ಸಂಗಮ ಬಿಂದುವಿಗಿಂತ ಮೂರನೇ ಒಂದು ಮಿಮೀ ದೂರ ಬೀಳಬೇಕು, ಹತ್ತಿರ ಅಲ್ಲ. ಓರೆಯಿಂದ ಇರಬಹುದೇ ಅಂತ ಕೋನ ಇನ್ನೂ ಕಡಿಮೆ ಮಾಡಿದೆ. ಬದಲಾಗಲಿಲ್ಲ. ಕಾಗದದ ತೂತು ಇನ್ನೂ ಚಿಕ್ಕದು ಮಾಡಿದೆ. ಅಂಚಿನ ದೋಷವೂ ಅಲ್ಲ.

ಮೂರನೇ ದಾರಿ ಹಿಡಿದೆ. ವಸ್ತು 300ರಲ್ಲಿ ಇಟ್ಟು ಬಿಂಬ ಹುಡುಕಿದೆ. F 100 ಆದರೆ 150ರಲ್ಲಿ ಬರಬೇಕು. 150 ಅಂತಲೇ ಓದಿದೆ, ಅರ್ಧ ಮಿಮೀ ಆಚೆ ಈಚೆ. ಮತ್ತೆ 100 ಗೆದ್ದಿತು. ವಸ್ತುವನ್ನು 600ಕ್ಕೆ ಒಯ್ದೆ. 120 ಬರಬೇಕಿತ್ತು, 118.5 ಬಂತು. ಅಂದರೆ ತಪ್ಪು ವಸ್ತುವಿನ ದೂರದ ಜೊತೆ ಬೆಳೆಯುತ್ತಿದೆ. 200ರಲ್ಲಿ ಸೊನ್ನೆ, 300ರಲ್ಲಿ ಕಾಣದಷ್ಟು, 600ರಲ್ಲಿ ಒಂದೂವರೆ, ದೂರದ ದೀಪಕ್ಕೆ ಎರಡು. ಕೈ ನಡುಗಿ ಬರುವ ತಪ್ಪು ಹೀಗೆ ಕ್ರಮವಾಗಿ ಬೆಳೆಯುವುದಿಲ್ಲ.

ಮರುದಿನ ಅವಳಿಗೆ ಅಂಕಿಗಳನ್ನು ತೋರಿಸಿದೆ. ಅವಳು ಲೆನ್ಸನ್ನು ತಿರುಗಿಸಿ ನೋಡಿ, ಉಬ್ಬಿಗೆ ಬೆರಳಿಟ್ಟು ಕೇಳಿದಳು: "ಮಾಮ, ನಾವು ಇಲ್ಲಿಂದ ಅಳೀತಿದ್ದೀವಿ. ಆದ್ರೆ ಕನ್ನಡಿ ಹಿಂದೆ ಅಲ್ವಾ ಇರೋದು?"

ಅಲ್ಲಿಗೆ ಗಂಟು ಬಿಚ್ಚಿತು.

ಕನ್ನಡಿ ಎಲ್ಲಿದೆ?

ಪುಸ್ತಕದ ಲೆಕ್ಕದಲ್ಲಿ ಲೆನ್ಸಿಗೆ ದಪ್ಪವೇ ಇಲ್ಲ. ಉಬ್ಬು, ಚಪ್ಪಟೆ, ಬೆಳ್ಳಿ ಎಲ್ಲ ಒಂದೇ ಗೆರೆಯ ಮೇಲೆ. ನಮ್ಮ ಲೆನ್ಸಿನ ನಡು ದಪ್ಪವನ್ನು ಕಾಗದದ ಚೂರು ಅಡ್ಡ ಇಟ್ಟು ವರ್ನಿಯರ್ ಕ್ಯಾಲಿಪರಿನಲ್ಲಿ ಹಿಡಿದು, ಕಾಗದದ ದಪ್ಪ ಕಳೆದೆ. 6.1 ಮಿಮೀ. ಬೆಳ್ಳಿ ನಿಜವಾಗಿ ಉಬ್ಬಿನ ತುದಿಯಿಂದ ಅಷ್ಟು ಹಿಂದೆ ಇದೆ. ಆದರೆ ಮುಂದಿನಿಂದ ನೋಡುವವರಿಗೆ ಗಾಜಿನೊಳಗಿನ ವಸ್ತು ಮೇಲೆದ್ದಂತೆ ಕಾಣುತ್ತದೆ, ನೀರಿನ ತಳದಲ್ಲಿ ಬಿದ್ದ ನಾಣ್ಯದ ಹಾಗೆ. 6.1ನ್ನು 1.5ರಿಂದ ಭಾಗಿಸಿದರೆ ಸುಮಾರು 4.1. ಉಬ್ಬಿನ ಬಾಗು ಸೇರಿಸಿ ನಿಖರವಾಗಿ ಲೆಕ್ಕ ಹಾಕಿದರೂ 4.1ರ ಅಕ್ಕಪಕ್ಕವೇ ಬರುತ್ತದೆ.

ಅಂದರೆ ನಮ್ಮ ಲೆನ್ಸಿಗೆ ಸಮನಾದ ನಿಮ್ನ ದರ್ಪಣ ಉಬ್ಬಿನ ತುದಿಯಲ್ಲಿ ಇಲ್ಲ. ಅದು 4.1 ಮಿಮೀ ಒಳಗೆ ಕೂತಿದೆ. ಅದರ ವಕ್ರತಾ ಕೇಂದ್ರ ಮಾತ್ರ ಉಬ್ಬಿನಿಂದ ಸರಿಯಾಗಿ 200 ಮುಂದೆ.

```
ಕನ್ನಡಿಯ ತ್ರಿಜ್ಯ        = 200 + 4.1   = 204.1 ಮಿಮೀ
ಸಂಗಮ ದೂರ F         = 204.1 / 2   = 102.05 ಮಿಮೀ
ಉಬ್ಬಿನಿಂದ ಸಂಗಮ ಬಿಂದು = 102.05 - 4.1 = 97.95 ಮಿಮೀ
```

ದೀಪದ ಬಿಂಬ 98ರಲ್ಲಿ ಬಂದದ್ದು ಸರಿಯೇ ಇತ್ತು. 600ರ ಓದನ್ನೂ ಹೀಗೇ ಪರೀಕ್ಷಿಸಿದೆವು. ವಸ್ತುವಿನ ದೂರ ಕನ್ನಡಿಯಿಂದ 604.1, F 102.05. ಬಿಂಬ ಕನ್ನಡಿಯಿಂದ 122.8, ಉಬ್ಬಿನಿಂದ 118.7. ನಾವು ಓದಿದ್ದು 118.5. ಇನ್ನು 300ಕ್ಕೆ ಇದೇ ಲೆಕ್ಕ ಹಾಕಿದರೆ 149.5 ಬರುತ್ತದೆ. ತಪ್ಪು ಲೆಕ್ಕದ 150ಕ್ಕೆ ಎಷ್ಟು ಹತ್ತಿರ ನೋಡಿ. ಅಲ್ಲಿ ನಾನು ಮೋಸಹೋದದ್ದು ಸಹಜ.

ಹಾಗಾದರೆ 200ರ ಓದಿಗೆ ದಪ್ಪ ಯಾಕೆ ತಾಗಲಿಲ್ಲ? ಇಲ್ಲಿಯೇ ಅವಳ ಮೊದಲ ದಿನದ ಕಿತಾಪತಿ ನೆನಪಿಗೆ ಬಂತು. ತೂತು 200ರಲ್ಲಿದ್ದಾಗ ಗಾಜಿನೊಳಗೆ ಕಿರಣಗಳು ಸಮಾನಾಂತರ. ಅವು ಬೆಳ್ಳಿಗೆ ನೇರ ಬಡಿಯುತ್ತವೆ. ಬೆಳ್ಳಿ 6 ಮಿಮೀ ಹಿಂದಿರಲಿ, 36 ಮಿಮೀ ಹಿಂದಿರಲಿ, ಅವು ಅದೇ ದಾರಿಯಲ್ಲಿ ಹಿಂದಿರುಗುತ್ತವೆ. ಈ ವಿಧಾನಕ್ಕೆ ಕನ್ನಡಿ ಎಲ್ಲಿದೆ ಅನ್ನುವುದು ಕಾಣುವುದೇ ಇಲ್ಲ. ಅದು ಉಬ್ಬಿನ f ಅನ್ನು ಬಹಳ ಚೆನ್ನಾಗಿ ಹೇಳುತ್ತದೆ. ಅದನ್ನು ಅರ್ಧ ಮಾಡಿ F ಅಂದದ್ದು ನಮ್ಮ ಆತುರ. ಅರ್ಧ ಮಾಡುವಾಗ ಕನ್ನಡಿ ಉಬ್ಬಿನ ತುದಿಯಲ್ಲೇ ಇದೆ ಅಂತ ಸದ್ದಿಲ್ಲದೆ ಒಪ್ಪಿಕೊಂಡಂತೆ ಆಗುತ್ತದೆ.

ಇದನ್ನು ನಂಬಲು ಇನ್ನೊಂದು ಪ್ರಯೋಗ ಬೇಕಿತ್ತು. ಅದೇ ಅಳತೆಯ, ಬೆಳ್ಳಿ ಹಚ್ಚದ ಜೊತೆ ಲೆನ್ಸ್ ಒಂದಿತ್ತು. ಅದರ ಹಿಂದೆ 30 ಮಿಮೀ ಬಿಟ್ಟು ಮುಂಭಾಗದಲ್ಲೇ ಲೇಪವಿರುವ ಕನ್ನಡಿ ಇಟ್ಟೆ. ತೂತಿನ ಓದು 200, ಎಂದಿನಂತೆ. ದೂರದ ದೀಪದ ಬಿಂಬ 80ಕ್ಕಿಂತ ಸ್ವಲ್ಪ ಕಡಿಮೆ! ಒಂದೇ 200, ಆದರೆ ಸಂಗಮ ಬಿಂದು ಉಬ್ಬಿನ ಕಡೆಗೆ 18 ಮಿಮೀ ಸರಿದಿದೆ. 6 ಮಿಮೀ ಗಾಜಿನಲ್ಲಿ ಎರಡು ಮಿಮೀ ಇದ್ದ ತಪ್ಪು ಇಲ್ಲಿ ಕಣ್ಣಿಗೆ ರಾಚುವಷ್ಟು ದೊಡ್ಡದಾಯಿತು.

ದಪ್ಪವನ್ನು ಯಾವಾಗ ಮರೆಯಬಹುದು? ತಪ್ಪಿನ ಪಾಲು ಹೆಚ್ಚುಕಡಿಮೆ ದಪ್ಪವನ್ನು nf ಇಂದ ಭಾಗಿಸಿದಷ್ಟು. ನಮ್ಮಲ್ಲಿ 6.1 ಭಾಗಿಸು 300, ನೂರಕ್ಕೆ ಎರಡು. ಅದೇ 50 ಮಿಮೀ ಅಗಲದ, ಒಂದು ಮೀಟರ್ ಸಂಗಮ ದೂರದ ತೆಳು ಲೆನ್ಸ್ ಆಗಿದ್ದರೆ ನೂರಕ್ಕೆ ಅರ್ಧವೂ ಬರುತ್ತಿರಲಿಲ್ಲ. ನಮಗೆ ಗೊತ್ತೂ ಆಗುತ್ತಿರಲಿಲ್ಲ.

46ರಲ್ಲಿ ಒಂದು ದೆವ್ವ

ಮುಗಿಯಿತು ಅಂದುಕೊಂಡು ರಟ್ಟನ್ನು ಲೆನ್ಸಿನ ಹತ್ತಿರ ತಳ್ಳುತ್ತಿದ್ದಾಗ 46 ಮಿಮೀ ಆಸುಪಾಸಿನಲ್ಲಿ ಇನ್ನೊಂದು ಬಿಂಬ ಕಂಡಿತು. ತುಂಬಾ ಮಂಕು, ಹರಡಿಕೊಂಡ ಬೆಳಕಿನ ಮಧ್ಯೆ ಚಿಕ್ಕ ಕೂಡು ಗೆರೆ. ಕಾಗದದ ತೂತು 8 ಮಿಮೀ ಮಾಡಿದಾಗ ಚೂಪಾಯಿತು.

ಇದರ ಮೂಲವೂ ಲೇಪವಿಲ್ಲದ ಉಬ್ಬೇ. ಬೆಳ್ಳಿಯಿಂದ ಹಿಂದಿರುಗಿದ ಬೆಳಕಿನಲ್ಲಿ ನೂರಕ್ಕೆ ನಾಲ್ಕರಷ್ಟು ಹೊರಗೆ ಹೋಗದೆ ಉಬ್ಬಿನ ಒಳಮೈಗೆ ಬಡಿದು ಮತ್ತೆ ಬೆಳ್ಳಿಗೆ ಹೋಗುತ್ತದೆ, ಅಲ್ಲಿಂದ ಹೊರಗೆ ಬರುತ್ತದೆ. ಒಳಗಿನಿಂದ ನೋಡಿದರೆ ಉಬ್ಬು ಒಂದು ತಗ್ಗು ಕನ್ನಡಿ, ಅದೂ ಬಲವಾದದ್ದು. ಅದಕ್ಕೇ ಈ ಬಿಂಬ ಅಷ್ಟು ಹತ್ತಿರ. ಆ ಒಳಮೈಗೆ ಕಿರಣ ನೇರ ಬಡಿದಾಗ ಅದೂ ಬಂದ ದಾರಿಯಲ್ಲೇ ಹಿಂದಿರುಗಿ ತೂತಿನ ಪಕ್ಕ ಕೂರುತ್ತದೆ.

ಈ ದೆವ್ವದಿಂದ ಉಪಯೋಗವೂ ಆಯಿತು. ಇಲ್ಲಿಯವರೆಗೆ n ಅನ್ನು 1.5 ಅಂತ ಊಹಿಸಿಕೊಂಡಿದ್ದೆ. 200ರ ಓದು R ಮತ್ತು n ಎರಡನ್ನೂ ಒಟ್ಟಾಗಿ ಹೇಳುತ್ತದೆ, ಬೇರೆಬೇರೆಯಾಗಿ ಹೇಳುವುದಿಲ್ಲ. ಎರಡನೇ ಓದು ಸಿಕ್ಕರೆ ಬಿಡಿಸಬಹುದು. ದಪ್ಪ t ಅಂತ ಇಟ್ಟುಕೊಂಡರೆ:

```
R = (n - 1) × 200
1/46 = n/(R - 2t) + 1/200
```

t ಜಾಗದಲ್ಲಿ 6.1 ಹಾಕಿ ಬಿಡಿಸಿದರೆ n 1.513, R 102.6 ಮಿಮೀ. 46ರ ಓದಿನಲ್ಲಿ ಕಾಲು ಮಿಮೀ ತಪ್ಪಿದ್ದರೂ n ಮೂರನೇ ದಶಮಾಂಶದಲ್ಲಿ ನಾಲ್ಕೈದರಷ್ಟು ಅಲುಗುತ್ತದೆ. ಹಾಗಾಗಿ 1.51 ಅಂತ ಹೇಳಿದರೆ ಸಾಕು. ಸಾಮಾನ್ಯ ಕ್ರೌನ್ ಗಾಜಿನ ಬೆಲೆ ಅದೇ. ಈ n ಹಾಕಿ ಮತ್ತೆ ಲೆಕ್ಕ ಮಾಡಿದರೂ ಕನ್ನಡಿಯ ಜಾಗ 4.1ರಲ್ಲೇ ಉಳಿಯಿತು.

ಲೆನ್ಸಿನ ಹಿಂದಿನ ಎನಾಮೆಲ್ ಮೇಲೆ ಅವಳು ಒಂದು ಚೀಟಿ ಅಂಟಿಸಿದ್ದಾಳೆ. "F 102. ಕನ್ನಡಿ ಉಬ್ಬಿನಿಂದ 4 ಒಳಗೆ." ಪುಸ್ತಕದ ಲೆಕ್ಕದ ಪಕ್ಕದಲ್ಲಿ ಪೆನ್ಸಿಲಿನಿಂದ ಇನ್ನೊಂದು ಸಾಲು ಬರೆದಿದ್ದಾಳೆ: ದಪ್ಪ ಎಷ್ಟು ಅಂತ ಇವರು ಹೇಳಿಲ್ಲ.